ಮೇಷ್ಟ್ರು ತಟ್ಟಿದ ಇನ್ನೂರ ಹನ್ನೆರಡು ಕಡೆ

ಟೇಪಕ್ಕನಿಗೆ ಆ ಹೆಸರು ಬಂದಾಗ ಅವಳಿಗೆ ಇಪ್ಪತ್ತಮೂರು ವರ್ಷ. ಆಗ ಸಿನಿಮಾ ಎಂದರೆ ಕೈಯಲ್ಲಿ ಹಿಡಿಯಬಹುದಾದ ಫಿಲ್ಮಿನ ಸುರುಳಿ. ಸಂಕಲನ ಎಂದರೆ ಬೇಡದ ತುಂಡು ಕತ್ತರಿಸಿ, ಉಳಿದ ತುಂಡುಗಳನ್ನು ಟೇಪು ಹಾಕಿ ಅಂಟಿಸುವುದು. ಎಲ್ಲಿ ಕತ್ತರಿಸಬೇಕೆಂದು ಹೇಳುವುದು ಅವಳಿಗೆ ಕೆಲಸ ಕಲಿಸಿದ ಸಂಕಲನಕಾರ ಮೇಷ್ಟ್ರ ಕೆಲಸ, ಕತ್ತರಿಸಿ ಅಂಟಿಸುವುದು ಅವಳ ಕೆಲಸ. ಹನ್ನೊಂದು ವರ್ಷ ಅಂಟಿಸಿದಳು. ಅಷ್ಟು ವರ್ಷಗಳಲ್ಲಿ ಪರದೆಯ ಮೇಲೆ ಅವಳ ಹೆಸರು ಒಮ್ಮೆಯೂ ಬರಲಿಲ್ಲ. ‘ಸಂಕಲನ’ ಎಂದು ಮೇಷ್ಟ್ರ ಹೆಸರು ದೊಡ್ಡದಾಗಿ ಬರುತ್ತಿತ್ತು, ಕೊನೆಯಲ್ಲಿ ‘ಮತ್ತು ಇತರರು’ ಎಂದು ಒಂದು ಸಾಲು ಬರುತ್ತಿತ್ತು. ಆ ಇತರರು ಎಂದರೆ ಟೇಪಕ್ಕ.

ಮೇಷ್ಟ್ರು ಮಾತಿನ ಮನುಷ್ಯರಲ್ಲ. ಅವಳ ಹಿಂದೆ ಮರದ ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದರು. ಕಟ್ ಬೇಕಾದ ಕಡೆ ತೋರುಬೆರಳ ಉಗುರಿನಿಂದ ಕುರ್ಚಿಯ ಕೈ ಮೇಲೆ ಟಕ್ ಎಂದು ತಟ್ಟುತ್ತಿದ್ದರು. ತಟ್ಟಿದ ಕ್ಷಣಕ್ಕೆ ಟೇಪಕ್ಕ ಓಡುವ ಫಿಲ್ಮಿನ ಮೇಲೆ ಮೇಣದ ಪೆನ್ಸಿಲಿನಿಂದ ಗೀಟು ಎಳೆಯಬೇಕು. ಒಂದು ಕೂದಲೆಳೆ ತಪ್ಪಿದರೂ ಬೈಗುಳ. ಯಾಕೆ ಅಲ್ಲೇ ಎಂದು ಕೇಳಿದರೆ ಇನ್ನೂ ದೊಡ್ಡ ಬೈಗುಳ. ನಿನ್ನೆ ತಾವೇ ತಟ್ಟಿದ್ದ ಜಾಗ ಇವತ್ತು ಅವರಿಗೆ ಹಿಡಿಸುತ್ತಿರಲಿಲ್ಲ, ಅದಕ್ಕೂ ಬೈಗುಳ ಅವಳಿಗೇ. ಆದರೂ ಅವರು ತಟ್ಟಿದ ಕಡೆ ಕತ್ತರಿಸಿ ಅಂಟಿಸಿ ಓಡಿಸಿದರೆ, ನಿರ್ಜೀವವಾಗಿ ಬಿದ್ದಿದ್ದ ದೃಶ್ಯ ಎದ್ದು ಕೂರುತ್ತಿತ್ತು. ಅದನ್ನು ಕಣ್ಣಾರೆ ಕಂಡವಳಾದ್ದರಿಂದಲೇ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದಳು.

ಆಮೇಲೆ ಫಿಲ್ಮು ಹೋಯಿತು, ಕಂಪ್ಯೂಟರು ಬಂತು, ಮೇಷ್ಟ್ರು ಮನೆ ಸೇರಿದರು. ಟೇಪಕ್ಕ ಟಯರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದು ಮದುವೆ ವಿಡಿಯೋ, ಟ್ಯೂಷನ್ ಪಾಠದ ವಿಡಿಯೋ ಕತ್ತರಿಸುತ್ತ ಐವತ್ತನಾಲ್ಕಕ್ಕೆ ಬಂದು ನಿಂತಳು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಅವಳ ತಂಗಿಯ ಹೊಲಿಗೆ ಯಂತ್ರ. “ನಾನೂ ಕತ್ತರಿಸ್ತೀನಿ, ನೀನೂ ಕತ್ತರಿಸ್ತೀಯ. ನನ್ನದನ್ನ ಜನ ಮೈಮೇಲಾದ್ರೂ ಹಾಕ್ಕೊಳ್ತಾರೆ,” ಎಂದು ತಂಗಿ ಆಗಾಗ ಚುಚ್ಚುತ್ತಿದ್ದಳು.

ಮೇಷ್ಟ್ರ ಮಗಳು ಫೋನು ಮಾಡಿದ್ದು ಒಂದು ಬುಧವಾರ ಬೆಳಿಗ್ಗೆ. ಶಾಲೆಯಲ್ಲಿ ಪಾಠ ಹೇಳುವ ಹುಡುಗಿ, ಮೂವತ್ತೈದು ದಾಟಿದ್ದರೂ ಟೇಪಕ್ಕನಿಗೆ ಹುಡುಗಿಯೇ. ಚಿಕ್ಕಂದಿನಲ್ಲಿ ಕತ್ತರಿಸಿ ಬಿಸಾಡಿದ ಫಿಲ್ಮಿನ ತುಂಡುಗಳನ್ನು ಬಳೆ ಮಾಡಿ ಹಾಕಿಕೊಂಡು ಅವರ ಕಾಲಡಿ ಆಡುತ್ತಿದ್ದವಳು. ಈಗ ರಜೆಯ ದಿನಗಳಲ್ಲೆಲ್ಲ ಕ್ಯಾಮೆರಾ ಹೊತ್ತು ತಾನೇ ಒಂದು ಸಾಕ್ಷ್ಯಚಿತ್ರ ತೆಗೆದಿದ್ದಳು. ಜೋಡಿಸಿದ್ದು ನಲವತ್ತು ನಿಮಿಷ ಬಂದಿದೆ, ಸ್ಪರ್ಧೆಗೆ ಕಳಿಸಬೇಕಾದರೆ ಹತ್ತು ನಿಮಿಷ ಮೀರುವಂತಿಲ್ಲ, ಹೆಸರುಗಳೂ ಆ ಹತ್ತರೊಳಗೇ ಬರಬೇಕು, ಮುಂದಿನ ಶುಕ್ರವಾರ ಸಂಜೆ ಐದು ಕೊನೆ.

“ಬಾ ಮರಿ, ನನ್ನ ಕೋಣೆಗೆ ತಗೊಂಡು ಬಾ, ನೋಡೋಣ.”

“ನೀವೇ ಮನೆಗೆ ಬನ್ನಿ ಅಕ್ಕ. ಅಪ್ಪನ್ನ ಬಿಟ್ಟು ಬರೋಕಾಗಲ್ಲ. ಮತ್ತೆ... ನಿಮಗೆ ಒಂದು ತೋರಿಸ್ಬೇಕು.”

ಮೇಷ್ಟ್ರಿಗೆ ಹತ್ತು ತಿಂಗಳ ಹಿಂದೆ ಲಕ್ವ ಹೊಡೆದದ್ದು ಟೇಪಕ್ಕನಿಗೆ ಗೊತ್ತಿತ್ತು. ಒಮ್ಮೆ ಆಸ್ಪತ್ರೆಗೆ ಹೋಗಿ ನೋಡಿ, ಆಮೇಲೆ ನಾಳೆ ನಾಡಿದ್ದು ಎಂದು ತಳ್ಳಿಕೊಂಡು ಬಂದಿದ್ದಳು. ಆ ನಾಚಿಕೆಯಲ್ಲೇ ಹೋದಳು. ಕಿಟಕಿಯ ಪಕ್ಕ ಒರಗು ಕುರ್ಚಿಯಲ್ಲಿ ಮೇಷ್ಟ್ರನ್ನು ಕೂರಿಸಿದ್ದರು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಮಾತು ಪೂರ್ತಿ ಹೋಗಿತ್ತು. ಕಣ್ಣು ಇವಳ ಕಡೆ ತಿರುಗಿತು, ಗುರುತು ಹಿಡಿಯಿತೋ ಇಲ್ಲವೋ ಹೇಳುವಂತಿರಲಿಲ್ಲ. “ನಾನು ಮೇಷ್ಟ್ರೇ, ಟೇಪು,” ಎಂದಳು.

ಮಗಳು ಕುರ್ಚಿಯ ಮುಂದೆ ದೊಡ್ಡ ಪರದೆ ಇಟ್ಟು ತನ್ನ ನಲವತ್ತು ನಿಮಿಷವನ್ನು ಓಡಿಸಿದಳು. ಬಸ್ ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಒಂದು ಕೋಣೆ. ಇಪ್ಪತ್ತೆಂಟು ವರ್ಷದಿಂದ ಅದನ್ನು ನೋಡಿಕೊಂಡ ಗುಮಾಸ್ತ. ಅವನ ನಿವೃತ್ತಿಯ ದಿನವೇ ಕೋಣೆಗೂ ಬೀಗ. ಒಬ್ಬ ಮುದುಕಿ ನೀಲಿ ಕೈಚೀಲ ಹುಡುಕಿಕೊಂಡು ನಾಲ್ಕು ಸಲ ಬರುತ್ತಾಳೆ, ಒಳಗೇನಿತ್ತು ಎಂದು ಕೇಳಿದರೆ ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಾಳೆ. ಮೊದಲ ಸಲ ಅವಳು ಆ ಕೋಣೆಯ ಕಿಟಕಿ ಬಿಟ್ಟು ಹೊರಟು, ಬೆನ್ನು ತಿರುಗಿಸಿ ಮೂರು ಹೆಜ್ಜೆ ಇಟ್ಟಳು. ಇಲ್ಲಿ ಸಾಕು ಎಂದು ಟೇಪಕ್ಕನ ಮನಸ್ಸು ಹೇಳುವುದಕ್ಕೂ ಹಿಂದಿನಿಂದ ಟಕ್ ಎಂಬ ಸದ್ದು ಬರುವುದಕ್ಕೂ ಸರಿಹೋಯಿತು.

ತಿರುಗಿ ನೋಡಿದಳು. ಮೇಷ್ಟ್ರ ಎಡಗೈಯ ತೋರುಬೆರಳು ಕುರ್ಚಿಯ ಕೈ ಮೇಲೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಮತ್ತೆ.

“ನೋಡಿದ್ರಾ?” ಮಗಳ ಕಣ್ಣಲ್ಲಿ ನೀರು. “ಡಾಕ್ಟ್ರು ಏನಂದ್ರು ಗೊತ್ತಾ? ಇವರಿಗೆ ಏನೂ ಅರ್ಥ ಆಗಲ್ಲ, ಸುಮ್ನೆ ನೋಡ್ತಾರೆ ಅಷ್ಟೆ ಅಂದ್ರು. ಹತ್ತು ತಿಂಗಳು ನಾನೂ ನಂಬಿದ್ದೆ ಅಕ್ಕ. ಗೋಡೆ ಜೊತೆ ಇದ್ದ ಹಾಗೆ ಇದ್ದೆ. ಅಪ್ಪ ಒಳಗಿದ್ದಾರೆ. ಈ ಸಿನಿಮಾನ ಅಪ್ಪಾನೇ ಕಟ್ ಮಾಡ್ಲಿ. ಅವರ ಬೆರಳಿನ ಭಾಷೆ ಗೊತ್ತಿರೋದು ನಿಮಗೊಬ್ಬರಿಗೇ.”

ಟೇಪಕ್ಕ ಅಂದೇ ಒಂದು ನೋಟ್‌ಬುಕ್ ತೆರೆದಳು. ಇಡೀ ಚಿತ್ರವನ್ನು ಮೊದಲಿಂದ ಓಡಿಸಿ, ತಟ್ಟಿದಾಗಲೆಲ್ಲ ನಿಮಿಷ ಸೆಕೆಂಡು ಬರೆದುಕೊಂಡಳು. ಇನ್ನೂರ ಹನ್ನೆರಡು ಕಡೆ. ಹಳೆಯ ಹೆದರಿಕೆ ಮರಳಿ ಬಂದಿತ್ತು, ಒಂದೂ ತಪ್ಪಬಾರದೆಂದು ಉಸಿರು ಬಿಗಿಹಿಡಿದು ಬರೆದಳು. ಆ ಹೆದರಿಕೆಯಲ್ಲಿ ಅವಳಿಗೆ ಸುಖವಿತ್ತು, ಅದನ್ನು ಮುಚ್ಚಿಡುವುದೇಕೆ?

ಮನೆಗೆ ಬಂದು ತನ್ನದೂ ಒಂದು ಯೋಜನೆ ಹಾಕಿದಳು. ದೃಶ್ಯಕ್ಕೊಂದು ಚೀಟಿ ಬರೆದು ಗೋಡೆಗೆ ಅಂಟಿಸಿದಳು, ಒಟ್ಟು ಮೂವತ್ತೊಂದು. ಮಗಳು ತಾನೇ ಒಮ್ಮೆ ಹತ್ತು ನಿಮಿಷಕ್ಕೆ ಇಳಿಸಲು ನೋಡಿದ್ದಳು. ಎಲ್ಲರೂ ಮಾಡುವ ತಪ್ಪನ್ನೇ ಮಾಡಿದ್ದಳು: ಯಾವುದನ್ನೂ ಬಿಡಲು ಮನಸ್ಸು ಬಾರದೆ ಪ್ರತಿ ದೃಶ್ಯದಲ್ಲೂ ಮುಕ್ಕಾಲು ಪಾಲು ಕೊರೆದಿದ್ದಳು. ಎಲ್ಲವೂ ಇತ್ತು, ಯಾವುದೂ ನಿಲ್ಲುತ್ತಿರಲಿಲ್ಲ. ಮುದುಕಿ ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಮಾತಾಡಿ ಓಡುತ್ತಿದ್ದಳು.

ನಲವತ್ತನ್ನು ಹತ್ತು ಮಾಡುವುದೆಂದರೆ ಸಣ್ಣ ಮಾಡುವುದಲ್ಲ, ಬಿಡುವುದು. ಟೇಪಕ್ಕ ಗೋಡೆಯಿಂದ ಚೀಟಿಗಳನ್ನು ಕಿತ್ತಳು. ಡಿಪೋ ಮ್ಯಾನೇಜರ ಆರು ನಿಮಿಷದ ಸಂದರ್ಶನ, ಪೂರ್ತಿ ಹೋಯಿತು. ಗುಮಾಸ್ತನ ಮನೆ, ಹೆಂಡತಿ, ಮೊಮ್ಮಗಳು, ಹೋದರು. ಬಸ್ ಡಿಪೋದ ಚರಿತ್ರೆಗೆ ಎಳ್ಳುನೀರು. ಉಳಿದದ್ದು ಒಂದೇ ಎಳೆ: ಮುದುಕಿಯ ನಾಲ್ಕು ಭೇಟಿ, ಅವುಗಳ ನಡುವೆ ಗುಮಾಸ್ತನ ಕೆಲಸ. ಪ್ರತಿ ಚೀಟಿಯ ಮೂಲೆಯಲ್ಲಿ ಅವಧಿ ಬರೆದಳು. ಕೋಣೆ ತೆರೆಯುವುದು ಮೂವತ್ತೈದು ಸೆಕೆಂಡು, ಮೊದಲ ಭೇಟಿ ಒಂದು ನಿಮಿಷ ನಲವತ್ತು, ಎರಡನೆಯದು ಒಂದೇ ನಿಮಿಷ, ಮೂರನೆಯದು ಇನ್ನೂ ಚಿಕ್ಕದು, ಏಕೆಂದರೆ ಅಷ್ಟು ಹೊತ್ತಿಗೆ ನೋಡುವವನಿಗೆ ದಾರಿ ಗೊತ್ತು. ಕೊನೆಯ ಹೆಸರುಗಳ ಹತ್ತು ಸೆಕೆಂಡೂ ಸೇರಿಸಿ ಕೂಡಿಸಿದರೆ ಒಂಬತ್ತು ನಿಮಿಷ ಐವತ್ತೈದು. ಐದು ಸೆಕೆಂಡು ಕೈಯಲ್ಲಿ ಇಟ್ಟುಕೊಂಡಳು, ಹತ್ತು ದಾಟಿದರೆ ನೋಡದೆಯೇ ಬಿಸಾಡುತ್ತಾರೆ.

ಕೆಳಗೆ, ಚಿತ್ರ ಎಲ್ಲಿ ಓಡಬೇಕು ಎಲ್ಲಿ ನಿಲ್ಲಬೇಕು ಎಂಬ ಟಿಪ್ಪಣಿ: ‘ಛತ್ರಿಗಳಿಗೆ ಚೀಟಿ ಕಟ್ಟುವುದು — ಬೇಗ, ಮೂರು ಸೆಕೆಂಡಿಗೊಂದು ಚಿತ್ರ. ಗುಮಾಸ್ತ ಕೂತು ಮಾತಾಡುವ ಚಿತ್ರ ಬೇಡ, ಅವನ ಧ್ವನಿಯನ್ನು ಕಪಾಟುಗಳ ಮೇಲೆ ಹಾಕು, ಎರಡು ಕೆಲಸ ಒಂದೇ ಹೊತ್ತಿಗೆ ಆಗುತ್ತದೆ. ಮೂಟೆ ಕಟ್ಟುವ ಸದ್ದು ಚಿತ್ರಕ್ಕಿಂತ ಎರಡು ಸೆಕೆಂಡು ಮೊದಲೇ ಬರಲಿ. ನಾಲ್ಕನೇ ಭೇಟಿ, ಖಾಲಿ ಕಪಾಟಿನ ಮುಂದೆ ಮುದುಕಿ ನಿಂತದ್ದು ಮೂವತ್ತೆಂಟು ಸೆಕೆಂಡು — ಕೈ ಹಾಕಬೇಡ. ಉಳಿದದ್ದೆಲ್ಲ ಓಡುವುದು ಇಲ್ಲಿ ನಿಲ್ಲುವುದಕ್ಕೆ.’

ಆದರೆ ಇದು ತನ್ನ ಲೆಕ್ಕ. ಮೇಷ್ಟ್ರ ಲೆಕ್ಕ ಬೇರೆ ಇತ್ತು. ಆ ಮೂವತ್ತೆಂಟು ಸೆಕೆಂಡಿನೊಳಗೇ ಅವರು ನಾಲ್ಕು ಸಲ ತಟ್ಟಿದ್ದರು. ಮ್ಯಾನೇಜರು ಬಾಯಿ ಆ ಎಂದು ತೆರೆದಿರುವಾಗ ಒಂದು ಸಲ. ಟೇಪಕ್ಕ ತನ್ನ ಯೋಜನೆಯನ್ನು ಬದಿಗಿಟ್ಟು ಎರಡು ದಿನ ಅವರು ತಟ್ಟಿದಂತೆಯೇ ಕತ್ತರಿಸಿದಳು. ಓಡಿಸಿದರೆ ತಲೆಬುಡ ತಿಳಿಯಲಿಲ್ಲ. ಮೇಷ್ಟ್ರ ಮನಸ್ಸು ಹಿಡಿಯುವಷ್ಟು ಬುದ್ಧಿ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ ಎಂದು ತನ್ನನ್ನೇ ಬೈದುಕೊಂಡು ಮೂರನೆಯ ಸಲ ಕತ್ತರಿಸಿದಳು.

“ಅಕ್ಕಾ, ಆ ಮನುಷ್ಯ ಕಾಯಿಲೆ ಬಿದ್ದೂ ನಿನ್ನ ಗೋಳು ಹೊಯ್ಕೊಳ್ತಿದ್ದಾನಲ್ಲ!” ಎಂದಳು ತಂಗಿ, ಯಂತ್ರ ನಿಲ್ಲಿಸದೆ.

ಶನಿವಾರ ಮತ್ತೆ ಹೋಗಿ, ಅದೇ ನಲವತ್ತು ನಿಮಿಷವನ್ನು ಇನ್ನೊಮ್ಮೆ ಓಡಿಸಿ ಎರಡನೆಯ ಸಾಲಿನಲ್ಲಿ ಬರೆದುಕೊಂಡಳು. ಈ ಸಲ ನೂರ ತೊಂಬತ್ತೆಂಟು. ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡಿದಳು. ಕೂಡಿ ಬಂದದ್ದು ಹದಿನಾರು. ಕಣ್ಣು ಮುಚ್ಚಿಕೊಂಡು ಗೀಟು ಎಳೆದರೂ ಅಷ್ಟು ಕೂಡುತ್ತವೆ.

ಮಗಳು ಅಂಗಡಿಗೆ ಹೋಗಿದ್ದಳು. ಟೇಪಕ್ಕ ತನ್ನ ಬಳಿಯಿದ್ದ ಯಾರದೋ ಮದುವೆಯ ವಿಡಿಯೋ ಹಾಕಿದಳು. ಟಕ್. ಹನ್ನೊಂದು ಸೆಕೆಂಡು. ಟಕ್. ಬೇಡ, ಇಷ್ಟಕ್ಕೇ ಸಾಕು ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ, ಪರದೆಯನ್ನು ಆರಿಸಿತು. ಕಪ್ಪು ಗಾಜಿನಲ್ಲಿ ಮೇಷ್ಟ್ರ ಮುಖ, ಅದರ ಹಿಂದೆ ಇವಳ ಮುಖ. ಏನೂ ಇಲ್ಲದ ಆ ಪರದೆಯ ಮುಂದೆ ಬೆರಳು ತಟ್ಟುತ್ತಲೇ ಇತ್ತು. ಟೇಪಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹನ್ನೊಂದು ವರ್ಷ ಬೈಸಿಕೊಂಡಿದ್ದಳು. ಈಗ ಒಂದು ಬೈಗುಳ ಸಿಕ್ಕಿದ್ದರೆ ಕಾಲಿಗೆ ಬೀಳುತ್ತಿದ್ದಳು.

ಅಂದೇ ಹೇಳಬೇಕಿತ್ತು. ಮಗಳು ಬಂದಳು, ಚೀಲ ಇಳಿಸಿದಳು, ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು, “ಏನಪ್ಪಾ, ಟೇಪಕ್ಕ ಸರಿಯಾಗಿ ಬರ್ಕೊಂಡ್ರಾ? ತಪ್ಪು ಮಾಡಿದ್ರೆ ಹೇಳು, ನಾನು ಬೈತೀನಿ,” ಎಂದು ನಕ್ಕಳು. ಹತ್ತು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಕ್ಕಿಲ್ಲ. ಟೇಪಕ್ಕ ನೋಟ್‌ಬುಕ್ ಮುಚ್ಚಿದಳು.

“ಬರ್ಕೊಂಡೆ ಮರಿ,” ಎಂದಳು. “ಎಲ್ಲಾ ಬರ್ಕೊಂಡೆ.”

ಭಾನುವಾರದಿಂದ ತನ್ನ ಚೀಟಿಗಳ ಪ್ರಕಾರ ಕತ್ತರಿಸಲು ಕೂತಳು. ತಡವಾಗಿ ಒಳಗೆ ಹೋಗಿ ಬೇಗ ಹೊರಗೆ ಬಂದಳು. ಮುದುಕಿ ಬರುವ ದಾರಿ ಬೇಡ, ಕಿಟಕಿಯಲ್ಲಿ ಮುಖ ಕಂಡರೆ ಸಾಕು. ಮಂಗಳವಾರ ಹನ್ನೊಂದು ನಿಮಿಷ ಇಪ್ಪತ್ತಕ್ಕೆ ಬಂದು ಸಿಕ್ಕಿಕೊಂಡಿತು. ಕೊನೆಯ ಎಂಬತ್ತೈದು ಸೆಕೆಂಡು ಹಲ್ಲು ಕಿತ್ತಂತೆ. ತನಗೆ ತುಂಬ ಇಷ್ಟವಾಗಿದ್ದ ಒಂದು ದೃಶ್ಯ, ಗುಮಾಸ್ತ ಯಾರದೋ ಕನ್ನಡಕ ಹಾಕಿಕೊಂಡು ಲೋಕ ನೋಡುವುದು, ಅದನ್ನೇ ತೆಗೆದಳು. ಎಳೆಯೊಳಗೆ ಇಲ್ಲದ್ದು ಎಷ್ಟು ಚೆನ್ನಾಗಿದ್ದರೂ ಹೊರೆಯೇ. ಆ ಮೂವತ್ತೆಂಟು ಸೆಕೆಂಡನ್ನು ಮಾತ್ರ ಮುಟ್ಟಲಿಲ್ಲ. ಗುರುವಾರ ಮಧ್ಯಾಹ್ನ ಒಂಬತ್ತು ಐವತ್ತೈದಕ್ಕೆ ನಿಂತಿತು. ಓಡಿಸಿದಾಗ ತಂಗಿಯ ಯಂತ್ರ ತಾನಾಗಿ ನಿಂತುಹೋಗಿತ್ತು.

“ಅಕ್ಕಾ, ಆ ಮುದುಕಿ...” ಎಂದು ತಂಗಿ ಮೂಗು ಒರೆಸಿಕೊಂಡಳು. “ಇದು ನೀನು ಮಾಡಿದ್ದಾ?”

ಜೀವಮಾನದಲ್ಲಿ ಟೇಪಕ್ಕ ಮಾಡಿದ ಅತ್ಯುತ್ತಮ ಕೆಲಸ ಅದು. ಅವಳಿಗೇ ಗೊತ್ತಿತ್ತು. ಅದಕ್ಕೇ ಸಂಕಟವಾಯಿತು.

ಶುಕ್ರವಾರ ಬೆಳಿಗ್ಗೆ ಮಗಳು ನೋಡಿ ಅಪ್ಪನ ಕೊರಳು ತಬ್ಬಿಕೊಂಡಳು. “ಇದು ಅಪ್ಪಂದೇ. ಆ ಮುದುಕಿ ನಿಂತಲ್ಲೇ ನಿಲ್ಲಿಸಿದ್ದು ನೋಡಿ. ಬೇರೆ ಯಾರಿಗೆ ಬರುತ್ತೆ ಆ ಧೈರ್ಯ!” ಹೆಸರುಗಳಿಗೆ ಬಿಟ್ಟಿದ್ದು ಹತ್ತೇ ಸೆಕೆಂಡು. ‘ಸಂಕಲನ’ ಎಂದು ಮೇಷ್ಟ್ರ ಹೆಸರನ್ನು ಟೇಪಕ್ಕನೇ ತನ್ನ ಕೈಯಾರೆ ಟೈಪು ಮಾಡಿದಳು. ಕೊನೆಯ ಸಾಲಿಗೆ ಜಾಗ ಉಳಿಯಲಿಲ್ಲ, ‘ಮತ್ತು ಇತರರು’ ಕೂಡ ಇಲ್ಲದೆ ಹೋಯಿತು. ಹೊಟ್ಟೆ ಉರಿಯಿತು. ಇಲ್ಲವೆಂದರೆ ಸುಳ್ಳು. ಆದರೂ ಒಂದು ಮನೆಯ ನಗು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ನಾಲ್ಕು ಗಂಟೆಗೆ ಕಳಿಸಿದಳು.

ಒಂದೂವರೆ ತಿಂಗಳಿಗೆ ಫಲಿತಾಂಶ ಬಂತು. ಬಹುಮಾನ ಬರಲಿಲ್ಲ. ಆದರೆ ಕೊನೆಯ ಹನ್ನೆರಡು ಚಿತ್ರಗಳಲ್ಲಿ ಇವರದೂ ಒಂದು, ತೀರ್ಪುಗಾರರು ಒಂದು ಸಾಲು ಬೇರೆ ಬರೆದಿದ್ದರು: ‘ಈ ಚಿತ್ರದ ಸಂಕಲನಕಾರರ ಸಂಯಮವನ್ನು ವಿಶೇಷವಾಗಿ ಗುರುತಿಸುತ್ತೇವೆ.’ ಮಗಳು ಫೋನಿನಲ್ಲಿ ಅದನ್ನು ಮೂರು ಸಲ ಓದಿದಳು. ಆಮೇಲೆ, ಶಾಲೆಗೆ ದೀರ್ಘ ರಜೆ ಹಾಕಿದ್ದೇನೆ, ಹೊಸ ಚಿತ್ರಕ್ಕೆ ಹದಿನಾಲ್ಕು ಗಂಟೆಯಷ್ಟು ಚಿತ್ರೀಕರಿಸಿದ್ದಿದೆ, ಅಪ್ಪ ಆಗಲೇ ಕೆಲಸ ಶುರು ಮಾಡಿದ್ದಾರೆ, ನೋಟ್‌ಬುಕ್ ಹಿಡಿದು ಬನ್ನಿ ಎಂದಳು.

ಟೇಪಕ್ಕ ಹೋದಾಗ ಬೆಳಿಗ್ಗೆ ಹನ್ನೊಂದು. ಕಿಟಕಿಯ ಪರದೆ ಎಳೆದು ಕೋಣೆಯನ್ನು ಕತ್ತಲು ಮಾಡಿದ್ದರು. ಮೇಷ್ಟ್ರು ಜಾರದಂತೆ ಸೊಂಟಕ್ಕೆ ಪಟ್ಟಿ ಕಟ್ಟಿ ಪರದೆಯ ಮುಂದೆ ಕೂರಿಸಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ದಿಟ್ಟಿಸಿ ದಿಟ್ಟಿಸಿ ಕಣ್ಣು ಕೆಂಪಾಗಿತ್ತು.

“ಎಷ್ಟು ಹೊತ್ತಿಂದ ಕೂತಿದ್ದಾರೆ?”

“ಏಳರಿಂದ. ದಿನಾ ಆರಾರು ಗಂಟೆ ಕೂರ್ತಾರೆ. ಅಪ್ಪನಿಗೆ ಕೈಕಾಲು ವ್ಯಾಯಾಮ ಮಾಡಿಸೋಕೆ ಒಬ್ಬರು ಬರ್ತಿದ್ದರಲ್ಲ, ಅವರಿಗೆ ವಾರಕ್ಕೊಂದು ಸಲ ಸಾಕು ಅಂದೆ. ಕೆಲಸಾನೇ ಅಪ್ಪನಿಗೆ ಔಷಧಿ.”

ಆಗ ಹೇಳಿದಳು. ಎರಡು ಸಾಲುಗಳ ನೋಟ್‌ಬುಕ್ ಬಿಚ್ಚಿಟ್ಟು, ಕೂಡಿದ ಹದಿನಾರನ್ನು ತೋರಿಸಿ, ಮದುವೆ ವಿಡಿಯೋದಿಂದ ಹಿಡಿದು ಎಲ್ಲವನ್ನೂ ಹೇಳಿದಳು. “ಕತ್ತರಿಸಿದ್ದು ನಾನು ಮರಿ. ಮೇಷ್ಟ್ರಲ್ಲ. ಆ ಬೆರಳು ಸುಮ್ನೆ ಆಡುತ್ತೆ ಅಷ್ಟೆ. ತಪ್ಪು ನಂದು, ಅವತ್ತೇ ಹೇಳ್ಬೇಕಿತ್ತು.”

ಮಗಳು ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆತ್ತಗೆ, ಅದೇ ಹೆಚ್ಚು ನೋಯುವ ಹಾಗೆ, ಕೇಳಿದಳು: “ಹೆಸರು ಬರಲಿಲ್ಲ ಅಂತಾನಾ ಅಕ್ಕ?”

ಟೇಪಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು.

“ತೀರ್ಪುಗಾರರ ಸಾಲು ಓದೋವರೆಗೂ ನೀವು ಏನೂ ಹೇಳಲಿಲ್ಲ. ಎರಡನೇ ಸಲ ಅಪ್ಪ ಮನಸ್ಸು ಬದಲಾಯಿಸಿದ್ದಾರೆ, ಅಷ್ಟೇ. ನಿನ್ನೆ ತಟ್ಟಿದ್ದು ಇವತ್ತು ಹಿಡಿಸ್ತಿರಲಿಲ್ಲ ಅಂತ ನೀವೇ ಹೇಳಿಲ್ವಾ?”

“ನನ್ನ ಮಾತು ಬೇಡ. ಪರದೆ ಆರಿಸಿ ನೀನೇ ನೋಡು.”

ಮಗಳ ಕೈ ಸ್ವಿಚ್ಚಿನ ಕಡೆ ಹೋಯಿತು. ಅದರ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಅಪ್ಪನ ಕಡೆ ನೋಡಲೂ ಇಲ್ಲ. ಕೈ ಹಿಂದಕ್ಕೆ ತೆಗೆದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. “ಅಪ್ಪನ್ನ ಪರೀಕ್ಷೆ ಮಾಡೋದು ಡಾಕ್ಟ್ರುಗಳು ಮಾಡಿದ್ದೇ ಸಾಕು,” ಎಂದಳು. “ನಿಮಗೆ ಆಗಲ್ಲ ಅಂದ್ರೆ ಹೋಗಿ ಅಕ್ಕ. ನಾನೇ ಬರ್ಕೊಂಡು ನಾನೇ ಕಟ್ ಮಾಡ್ತೀನಿ.”

ಟೇಪಕ್ಕ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋದಳು. ಈ ಹುಡುಗಿ ಆ ಬೆರಳನ್ನು ನಂಬಿ ಕತ್ತರಿಸುತ್ತಾಳೆ. ತಲೆಬುಡವಿಲ್ಲದ್ದು ಬರುತ್ತದೆ. ಅಂದು ಅವಳಿಗೆ ಅಪ್ಪ ಎರಡನೆಯ ಸಲ ಹೋಗುತ್ತಾನೆ, ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಇಲ್ಲಿದ್ದರೆ ಈ ಮನುಷ್ಯನನ್ನು ದಿನಾ ಕಟ್ಟಿ ಕೂರಿಸುವುದಕ್ಕೆ ತಾನೂ ಒಂದು ಕೈ. ಎರಡರಲ್ಲಿ ಯಾವುದನ್ನೂ ಕತ್ತರಿಸಲು ಅವಳಿಗೆ ಬರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಷ್ಟ್ರ ಕಣ್ಣು ಒರೆಸಿದಳು, ಸೊಂಟದ ಪಟ್ಟಿಯನ್ನು ಎರಡು ತೂತು ಸಡಿಲ ಮಾಡಿದಳು, ದಿನಕ್ಕೆ ಎರಡೇ ಗಂಟೆ ಎಂದಳು. ಮಗಳು ತಲೆಯಾಡಿಸಿ ಚಿತ್ರವನ್ನು ಮತ್ತೆ ಓಡಿಸಿದಳು. ಟೇಪಕ್ಕ ಹೊಸ ಹಾಳೆ ತಿರುಗಿಸಿ, ಬೆರಳು ತಟ್ಟಿದ ಹೊತ್ತನ್ನು ಬರೆದುಕೊಳ್ಳತೊಡಗಿದಳು.